ಒಂದೇ ಪುಡಿ, ಎರಡು ಬೆಲೆ: ಸೀಮಾಂತ ಆದಾಯದ ಲೆಕ್ಕಾಚಾರ

ಮಲೆನಾಡಿನ ಸೆರಗಿನ ತಾಲ್ಲೂಕು ಕೇಂದ್ರವೊಂದರಲ್ಲಿರುವ ಸಣ್ಣ ಕಾಫಿ ವರ್ಕ್ಸ್ ಒಂದನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಕ್ಯೂರಿಂಗ್ ಆದ ಬೀಜವನ್ನು ಕೊಂಡು, ಹುರಿದು, ಪುಡಿ ಮಾಡಿ, ಗೊತ್ತಾದ ಪ್ರಮಾಣದಲ್ಲಿ ಚಿಕೋರಿ ಬೆರೆಸಿ ಮಾರುವುದು ಈ ಘಟಕದ ಕೆಲಸ. ತಿಂಗಳಿಗೆ 4,500 ಕಿಲೋ ಪುಡಿ ಮಾರಾಟವಾಗುತ್ತದೆ. ಅದರಲ್ಲಿ 3,500 ಕಿಲೋ ಪೊಟ್ಟಣಗಳ ರೂಪದಲ್ಲಿ ಮನೆಗಳಿಗೆ ಹೋಗುತ್ತದೆ. ಉಳಿದ 1,000 ಕಿಲೋ ಐದು ಕಿಲೋ ಚೀಲಗಳಲ್ಲಿ ಹೋಟೆಲು, ದರ್ಶಿನಿ, ಕಲ್ಯಾಣ ಮಂಟಪಗಳಿಗೆ ಸೇರುತ್ತದೆ. ಯಾರಿಗೇ ಆಗಲಿ, ತೆರಿಗೆ ಬಿಟ್ಟು ಕಿಲೋಗೆ 650 ರೂಪಾಯಿ. ತಂದೆಯವರ ಕಾಲದಿಂದಲೂ ಅಂಗಡಿಯಲ್ಲಿ ಒಂದೇ ದರ ಎಂಬುದು ಮಾಲೀಕರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು.

ಇಲ್ಲಿ ಬಳಸಿರುವ ಅಂಕಿಗಳು ಲೆಕ್ಕಕ್ಕೆ ಅನುಕೂಲವಾಗುವಂತೆ ಆರಿಸಿಕೊಂಡವು. ಆದರೆ ಈ ಘಟಕದ ಮುಂದಿರುವ ಪ್ರಶ್ನೆ ಬಹಳಷ್ಟು ಸಣ್ಣ ಉದ್ದಿಮೆಗಳ ಮುಂದೆಯೂ ಇದೆ. ಹೋಟೆಲಿನವರು ದರ ಇಳಿಸಿ ಎಂದು ವರ್ಷಗಳಿಂದ ಒತ್ತಾಯಿಸುತ್ತಿದ್ದಾರೆ. "ಸ್ವಾಮಿ, ಪಕ್ಕದ ಊರಿನವರು ಆರುನೂರಕ್ಕೇ ಕೊಡ್ತೀವಿ ಅಂತ ಬಂದು ಹೋಗಿದ್ದಾರೆ, ನಿಮ್ಮ ಮುಖ ನೋಡಿ ಸುಮ್ಮನಿದ್ದೇನೆ" ಎಂಬ ಮಾತು ತಿಂಗಳಿಗೊಮ್ಮೆಯಾದರೂ ಕೇಳಿಬರುತ್ತದೆ. ಲೆಕ್ಕಪತ್ರ ನೋಡಿಕೊಳ್ಳುವವರು ಇದಕ್ಕೆ ವಿರುದ್ಧವಾದ ಸಲಹೆ ಕೊಡುತ್ತಾರೆ. ಅವರ ವೆಚ್ಚಪಟ್ಟಿಯ ಪ್ರಕಾರ ಬಾಡಿಗೆ, ಸಂಬಳ, ಯಂತ್ರದ ಸಾಲದ ಬಡ್ಡಿ ಎಲ್ಲ ಸೇರಿ ಕಿಲೋ ಒಂದಕ್ಕೆ ತಗಲುವ ವೆಚ್ಚ 610 ರೂಪಾಯಿ. ಆರುನೂರಕ್ಕೆ ಕೊಟ್ಟರೆ ಕಿಲೋಗೆ ಹತ್ತು ರೂಪಾಯಿ ನಷ್ಟ. ಅದಕ್ಕಿಂತ ಹೋಟೆಲ್ ವ್ಯಾಪಾರವನ್ನೇ ಕೈಬಿಟ್ಟು ಮನೆ ಬಳಕೆಯ ಪೊಟ್ಟಣಗಳಿಗೆ ಗಮನ ಕೊಡುವುದು ಲೇಸು ಎಂಬುದು ಅವರ ವಾದ.

ಈ ಇಬ್ಬರ ಮಾತಿನಲ್ಲಿ ಯಾರದು ಸರಿ ಎಂಬುದನ್ನು ಬೆಲೆಯನ್ನಷ್ಟೇ ನೋಡಿ ತೀರ್ಮಾನಿಸಲಾಗದು. ಸರಾಸರಿ ವೆಚ್ಚವನ್ನು ನೋಡಿಯೂ ತೀರ್ಮಾನಿಸಲಾಗದು. ನೋಡಬೇಕಾದ್ದು ಸೀಮಾಂತ ಆದಾಯವನ್ನು, ಅದೂ ಎರಡೂ ಮಾರುಕಟ್ಟೆಗಳಲ್ಲಿ ಪ್ರತ್ಯೇಕವಾಗಿ.

ಕೊನೆಯ ನೂರು ಕಿಲೋ ತರುವ ಹಣ

ಮಾಲೀಕರು ತಮ್ಮ ಮಾರಾಟ ಪುಸ್ತಕಗಳಿಂದ ಎರಡು ಸಂಗತಿಗಳನ್ನು ಕಂಡುಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಮನೆ ಬಳಕೆಯ ಪುಡಿಯ ದರವನ್ನು ಹತ್ತು ರೂಪಾಯಿ ಏರಿಸಿದರೆ ತಿಂಗಳ ಮಾರಾಟ 100 ಕಿಲೋ ಕಡಿಮೆಯಾಗುತ್ತದೆ, ಇಳಿಸಿದರೆ ಅಷ್ಟೇ ಹೆಚ್ಚುತ್ತದೆ. ಹೋಟೆಲುಗಳ ವಿಷಯದಲ್ಲಿ ಅದೇ ಹತ್ತು ರೂಪಾಯಿಗೆ 200 ಕಿಲೋ ವ್ಯತ್ಯಾಸವಾಗುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಮನೆಯವರಿಗೆ ನಾಲಿಗೆಗೆ ಹತ್ತಿದ ರುಚಿಯನ್ನು ಬಿಡಲು ಮನಸ್ಸಾಗದು. ತಿಂಗಳಿಗೆ ಒಂದು ಕಿಲೋ ಕೊಳ್ಳುವವರಿಗೆ ಇಪ್ಪತ್ತು ರೂಪಾಯಿ ದೊಡ್ಡದೂ ಅಲ್ಲ. ತಿಂಗಳಿಗೆ ತೊಂಬತ್ತು ಕಿಲೋ ಕೊಳ್ಳುವ ಹೋಟೆಲಿನವರಿಗೆ ಅದೇ ಇಪ್ಪತ್ತು ರೂಪಾಯಿ 1,800 ರೂಪಾಯಿಯಾಗುತ್ತದೆ, ಮತ್ತು ಮೂರು ಕಡೆ ದರ ವಿಚಾರಿಸುವುದು ಅವರ ದಿನಚರಿಯ ಭಾಗವೇ ಆಗಿದೆ.

ಈಗ 650 ರೂಪಾಯಿಯ ಏಕರೂಪ ಬೆಲೆಯಲ್ಲಿ ನಿಂತು ನೋಡೋಣ. ಮನೆಗಳಿಗೆ ಇನ್ನೂ 100 ಕಿಲೋ ಮಾರಬೇಕಾದರೆ ದರ 640ಕ್ಕೆ ಇಳಿಯಬೇಕು. ಆ ಇಳಿಕೆ ಹೊಸ ನೂರು ಕಿಲೋಗೆ ಮಾತ್ರ ಅನ್ವಯಿಸುವುದಿಲ್ಲ. ಮೊದಲೇ 650ಕ್ಕೆ ಕೊಳ್ಳುತ್ತಿದ್ದ 3,500 ಕಿಲೋಗೂ ಅನ್ವಯಿಸುತ್ತದೆ. ಮೊದಲಿನ ವಸೂಲಿ 22,75,000 ರೂ. ಆಗಿತ್ತು, 3,600 ಕಿಲೋವನ್ನು 640ರಂತೆ ಮಾರಿದರೆ 23,04,000 ರೂ. ಹೆಚ್ಚಿದ್ದು 29,000 ರೂ. ಮಾತ್ರ. ಅಂದರೆ 640 ರೂಪಾಯಿಯ ಚೀಟಿ ಅಂಟಿಸಿಕೊಂಡು ಹೋದ ಆ ನೂರು ಕಿಲೋ ನಿಜವಾಗಿ ತಂದದ್ದು ಕಿಲೋಗೆ 290 ರೂಪಾಯಿ. ಈ 290ನ್ನೇ ಅರ್ಥಶಾಸ್ತ್ರದಲ್ಲಿ ಸೀಮಾಂತ ಆದಾಯ ಎನ್ನುತ್ತಾರೆ: ಹೊಸದಾಗಿ ಮಾರಿದ ಮಾಲಿನ ಬೆಲೆಯಿಂದ, ಹಳೆಯ ಮಾಲಿನ ಮೇಲೆ ಬಿಟ್ಟುಕೊಟ್ಟ ಹಣವನ್ನು ಕಳೆದು ಉಳಿಯುವುದು.

ಹೋಟೆಲುಗಳ ಕಡೆ ಅದೇ 100 ಕಿಲೋ ಹೆಚ್ಚು ಮಾರಲು ಐದೇ ರೂಪಾಯಿ ಇಳಿಸಿದರೆ ಸಾಕು, ಮತ್ತು ಆ ಇಳಿಕೆ 1,000 ಕಿಲೋ ಮೇಲೆ ಮಾತ್ರ ಬೀಳುತ್ತದೆ. ಮೊದಲಿನ ವಸೂಲಿ 6,50,000 ರೂ.; ಈಗ 1,100 ಕಿಲೋಗೆ 645ರಂತೆ 7,09,500 ರೂ. ಹೆಚ್ಚಿದ್ದು 59,500, ಕಿಲೋಗೆ 595 ರೂಪಾಯಿ.

ಎರಡೂ ಕಡೆ ಚೀಟಿಯ ಮೇಲಿನ ಬೆಲೆ ಒಂದೇ ಆಗಿದ್ದರೂ ಕೊನೆಯ ನೂರು ಕಿಲೋ ತರುವ ಹಣ ಒಂದು ಕಡೆ ಇನ್ನೊಂದು ಕಡೆಯ ಇಮ್ಮಡಿಯಷ್ಟಿದೆ. ಹೀಗಿರುವಾಗ ಒಂದು ಕಿಲೋ ಕೂಡ ಹೆಚ್ಚಾಗಿ ಹುರಿಯದೆ ಲಾಭ ಹೆಚ್ಚಿಸಬಹುದು. ಮನೆ ಬಳಕೆಯಿಂದ 100 ಕಿಲೋ ಹಿಂತೆಗೆಯಲು ಅಲ್ಲಿನ ದರವನ್ನು 660ಕ್ಕೆ ಏರಿಸಬೇಕು. ವಸೂಲಿ 31,000 ರೂ. ಕಡಿಮೆಯಾಗುತ್ತದೆ. ಆ ನೂರು ಕಿಲೋವನ್ನು ಹೋಟೆಲುಗಳಿಗೆ ಕೊಟ್ಟರೆ 59,500 ರೂ. ಬರುತ್ತದೆ. ಉಳಿತಾಯ 28,500 ರೂ.

ಇನ್ನೂ ನೂರು ಕಿಲೋ ಸಾಗಿಸಿದರೆ ಮತ್ತಷ್ಟು ಲಾಭವಿದೆ, ಆದರೆ ಮೊದಲಿನಷ್ಟಲ್ಲ. ಮನೆಗಳ ಕಡೆ ಮಾಲು ಕಡಿಮೆಯಾದಂತೆ ಸೀಮಾಂತ ಆದಾಯ ಏರುತ್ತದೆ. ಹೋಟೆಲುಗಳ ಕಡೆ ಮಾಲು ಹೆಚ್ಚಿದಂತೆ ಅದು ಇಳಿಯುತ್ತದೆ. ಹತ್ತನೆಯ ಬಾರಿ ನೂರು ಕಿಲೋ ಸಾಗಿಸಿದಾಗ ಉಳಿಯುವುದು 1,500 ರೂ. ಮಾತ್ರ. ಅಲ್ಲಿಗೆ ಮನೆ ಬಳಕೆ 2,500 ಕಿಲೋಗೆ ಇಳಿದಿದೆ, ದರ 750 ರೂ. ಆಗಿದೆ, ಹೋಟೆಲ್ ಮಾರಾಟ 2,000 ಕಿಲೋಗೆ ಏರಿದೆ, ದರ 600 ರೂ. ಆಗಿದೆ. ಎರಡೂ ಕಡೆ ಸೀಮಾಂತ ಆದಾಯ ಈಗ 500 ರೂಪಾಯಿ. ಹನ್ನೊಂದನೆಯ ಬಾರಿ ಸಾಗಿಸಿದರೆ ನಷ್ಟ ಆರಂಭವಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಈಗಲೇ ನೋಡಬೇಕು. ಈ ಘಟಕದಲ್ಲಿ ಒಂದು ಕಿಲೋ ಹೆಚ್ಚು ಪುಡಿ ತಯಾರಿಸಲು ಆಗುವ ಹೆಚ್ಚುವರಿ ಖರ್ಚು, ಅಂದರೆ ಸೀಮಾಂತ ವೆಚ್ಚ, 500 ರೂಪಾಯಿ. ಬೀಜದ ಬೆಲೆ, ಹುರಿಯುವಾಗ ಶೇ. 15ರಿಂದ 20ರಷ್ಟು ಕಡಿಮೆಯಾಗುವ ತೂಕ, ಚಿಕೋರಿ, ಉರುವಲು, ವಿದ್ಯುತ್ತು, ಚೀಲ, ಸಾಗಣೆ ಇಷ್ಟೇ ಅದರಲ್ಲಿ ಸೇರಿವೆ. ಎರಡೂ ಮಾರುಕಟ್ಟೆಗಳ ಸೀಮಾಂತ ಆದಾಯ ತಮ್ಮೊಳಗೆ ಸಮವಾಗಿರುವುದಲ್ಲದೆ ಈ 500ಕ್ಕೂ ಸಮವಾಗಿದೆ. ಆದ್ದರಿಂದ ಮಾಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸುವುದರಿಂದಾಗಲಿ, ಒಟ್ಟು ತಯಾರಿಕೆಯನ್ನು ಹೆಚ್ಚಿಸುವುದರಿಂದ ಅಥವಾ ಇಳಿಸುವುದರಿಂದಾಗಲಿ ಇನ್ನು ಲಾಭವಿಲ್ಲ.

ಗ್ರಾಹಕರನ್ನು ಗುಂಪುಗಳಾಗಿ ವಿಂಗಡಿಸಿ ಗುಂಪಿಗೊಂದು ಬೆಲೆ ನಿಗದಿ ಮಾಡುವ ಈ ಪದ್ಧತಿಗೆ ಮೂರನೆಯ ದರ್ಜೆಯ ಬೆಲೆ ತಾರತಮ್ಯ ಎಂದು ಹೆಸರು. ಕೇಂಬ್ರಿಡ್ಜಿನ ಎ. ಸಿ. ಪಿಗೂ ಅವರು 1920ರಲ್ಲಿ ಬೆಲೆ ತಾರತಮ್ಯವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಜೋನ್ ರಾಬಿನ್ಸನ್ ಅವರು 1933ರಲ್ಲಿ ಎರಡು ಮಾರುಕಟ್ಟೆಗಳ ಸೀಮಾಂತ ಆದಾಯವನ್ನು ಸಮಗೊಳಿಸುವ ಕ್ರಮವನ್ನು ರೇಖಾಚಿತ್ರಗಳ ಮೂಲಕ ವಿವರಿಸಿದರು. ಹಂಪಿಯ ಸ್ಮಾರಕಗಳ ಪ್ರವೇಶಕ್ಕೆ ಭಾರತೀಯರಿಗೊಂದು ಶುಲ್ಕ, ವಿದೇಶೀಯರಿಗೊಂದು ಶುಲ್ಕ ಇರುವುದೂ ಇದೇ ಜಾತಿಗೆ ಸೇರುತ್ತದೆ, ಅಲ್ಲಿನ ಉದ್ದೇಶ ಲಾಭವೊಂದೇ ಅಲ್ಲದಿದ್ದರೂ.

ಹತ್ತು ರೂಪಾಯಿ ನಷ್ಟವೆಂಬ ಭ್ರಮೆ

ಈಗ ಲೆಕ್ಕ ಬರೆಯುವವರ ಆಕ್ಷೇಪಣೆಗೆ ಬರೋಣ. ಈ ಘಟಕದ ತಿಂಗಳ ಸ್ಥಿರ ವೆಚ್ಚ 4,95,000 ರೂ. ಅದನ್ನು 4,500 ಕಿಲೋಗೆ ಹಂಚಿದರೆ ಕಿಲೋಗೆ 110 ರೂಪಾಯಿ ಬೀಳುತ್ತದೆ. 500ಕ್ಕೆ ಕೂಡಿಸಿದರೆ 610. ವರ್ಷಾಂತ್ಯದಲ್ಲಿ ದಾಸ್ತಾನಿನ ಮೌಲ್ಯ ಕಟ್ಟಲು ಇಂತಹ ಹಂಚಿಕೆ ಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಹೋಟೆಲುಗಳಿಗೆ ಎಷ್ಟು ಬೆಲೆ ಹೇಳಬೇಕು ಎಂಬ ಪ್ರಶ್ನೆಗೆ ಈ 610 ಉತ್ತರ ಕೊಡಲಾರದು. ಹೋಟೆಲ್ ವ್ಯಾಪಾರ ನಿಂತರೂ ಬಾಡಿಗೆ ನಿಲ್ಲುವುದಿಲ್ಲ, ಬ್ಯಾಂಕಿನ ಕಂತೂ ನಿಲ್ಲುವುದಿಲ್ಲ.

ಒಂದೇ ದರವಿದ್ದಾಗ ಕಿಲೋಗೆ 150 ರೂಪಾಯಿಯಂತೆ 4,500 ಕಿಲೋ ಮೇಲೆ 6,75,000 ರೂ. ಉಳಿಯುತ್ತಿತ್ತು, ಸ್ಥಿರ ವೆಚ್ಚ ಕಳೆದರೆ 1,80,000 ರೂ. ಎರಡು ದರಗಳ ಪದ್ಧತಿಯಲ್ಲಿ ಮನೆ ಬಳಕೆಯಿಂದ 6,25,000 ರೂ., ಹೋಟೆಲುಗಳಿಂದ 2,00,000 ರೂ., ಒಟ್ಟು 8,25,000 ರೂ.; ಸ್ಥಿರ ವೆಚ್ಚ ಕಳೆದು 3,30,000 ರೂ. ಹತ್ತು ರೂಪಾಯಿ ನಷ್ಟವೆಂದು ಹೋಟೆಲುಗಳನ್ನು ಕೈಬಿಟ್ಟು 750 ರೂಪಾಯಿಯಂತೆ ಮನೆಗಳಿಗಷ್ಟೇ ಮಾರಿದರೆ ಉಳಿಯುವುದು 1,30,000 ರೂ., ಅಂದರೆ ಹಳೆಯ ಏಕರೂಪ ಬೆಲೆಯ ಕಾಲಕ್ಕಿಂತಲೂ ಕಡಿಮೆ.

ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ಮನೆ ಬಳಕೆಯಲ್ಲಿ ಕಿಲೋಗೆ 250 ರೂಪಾಯಿ ಉಳಿಯುತ್ತದೆ, ಹೋಟೆಲಿನಲ್ಲಿ 100 ಮಾತ್ರ. ಆದ್ದರಿಂದ ಮಾರಾಟ ಪ್ರತಿನಿಧಿಗಳಿಗೆ ದರ ಇಳಿಸುವ ಅಧಿಕಾರ ಕೊಟ್ಟು ಮನೆ ಬಳಕೆಯನ್ನೇ ಹೆಚ್ಚಿಸೋಣ ಎಂದು ತೋರುವುದು ಸಹಜ. ಲೆಕ್ಕ ಹಾಕಿ ನೋಡಿದರೆ, 2,500ರಿಂದ 2,600 ಕಿಲೋಗೆ ಹೋಗಲು ದರ 740 ಆಗಬೇಕು. ವಸೂಲಿ 18,75,000ದಿಂದ 19,24,000ಕ್ಕೆ ಏರುತ್ತದೆ, ಹೆಚ್ಚಿದ್ದು 49,000. ಆ ನೂರು ಕಿಲೋ ತಯಾರಿಸಲು ತಗಲುವುದು 50,000. ಕಿಲೋಗೆ 250 ರೂಪಾಯಿ ಉಳಿಯುವ ಮಾರುಕಟ್ಟೆಯಲ್ಲಿ ಮುಂದಿನ ನೂರು ಕಿಲೋ ಸಾವಿರ ರೂಪಾಯಿ ನಷ್ಟ ತರುತ್ತದೆ. ದೊಡ್ಡ ಅಂತರ ಎಂಬುದು ಈಗಾಗಲೇ ಮಾರಿದ ಮಾಲಿನ ಗುಣ; ಮುಂದೆ ಮಾರಬೇಕಾದ ಮಾಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಒಟ್ಟು ಮಾರಾಟ ಮೊದಲೂ 4,500 ಕಿಲೋ, ಈಗಲೂ 4,500 ಕಿಲೋ ಎಂಬುದನ್ನು ಓದುಗರು ಗಮನಿಸಿರಬಹುದು. ಬೇಡಿಕೆ ಸರಳರೇಖೆಯಂತೆ ಏರಿಳಿಯುವಾಗ, ಮತ್ತು ಏಕರೂಪ ಬೆಲೆಯಲ್ಲಿಯೂ ಎರಡೂ ಮಾರುಕಟ್ಟೆಗಳು ಕೊಳ್ಳುತ್ತಿದ್ದಾಗ, ಹೀಗೇ ಆಗುತ್ತದೆ. ಹೆಚ್ಚಿದ ಲಾಭ ಹೆಚ್ಚು ತಯಾರಿಕೆಯಿಂದ ಬಂದದ್ದಲ್ಲ. ಮನೆಯವರು ಕಿಲೋಗೆ ನೂರು ರೂಪಾಯಿ ಹೆಚ್ಚು ಕೊಟ್ಟರು, ಅವರಲ್ಲಿ ಸಾವಿರ ಕಿಲೋದಷ್ಟು ಗ್ರಾಹಕತನ ಹೊರಟುಹೋಯಿತು. ಹೋಟೆಲಿನವರಿಗೆ ಐವತ್ತು ರೂಪಾಯಿ ಉಳಿಯಿತು. ಹಳೆಯ ಗಿರಾಕಿಗಳ ಮುಖ ನೋಡಿ ಮಾಲೀಕರು 750ರ ಬದಲು 720ಕ್ಕೇ ನಿಲ್ಲಿಸಿದರೆ ಅದು ಅವರ ಇಚ್ಛೆ; ಅದಕ್ಕೆ ತಗಲುವ ಬೆಲೆ ತಿಂಗಳಿಗೆ 9,000 ರೂ. ಎಂಬುದನ್ನಾದರೂ ಅವರು ತಿಳಿದಿರಬೇಕು.

ಪುಸ್ತಕದಿಂದ ಬೇಡಿಕೆಯನ್ನು ಓದುವ ಬಗೆ

ಹತ್ತು ರೂಪಾಯಿಗೆ ನೂರು ಕಿಲೋ, ಇನ್ನೂರು ಕಿಲೋ ಎಂಬ ಅಂಕಿಗಳು ಎಲ್ಲಿಂದ ಬರುತ್ತವೆ? ಲೆಕ್ಕವೆಲ್ಲ ನಿಂತಿರುವುದು ಇವುಗಳ ಮೇಲೆ, ಎಡವುವುದೂ ಇಲ್ಲಿಯೇ. ದರ ಬದಲಾದ ಹಿಂದಿನ ಸಂದರ್ಭಗಳನ್ನು ಮಾರಾಟ ಪುಸ್ತಕದಲ್ಲಿ ಗುರುತಿಸಿ, ಬದಲಾವಣೆಗೆ ಮೊದಲಿನ ಮೂರು ತಿಂಗಳು ಮತ್ತು ನಂತರದ ಮೂರು ತಿಂಗಳುಗಳ ಕಿಲೋ ಲೆಕ್ಕವನ್ನು ಎರಡೂ ಮಾರುಕಟ್ಟೆಗಳಿಗೆ ಬೇರೆ ಬೇರೆಯಾಗಿ ತೆಗೆಯಬೇಕು. ರೂಪಾಯಿ ವಹಿವಾಟಿನಲ್ಲಿ ದರವೂ ಪ್ರಮಾಣವೂ ಬೆರೆತಿರುವುದರಿಂದ ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ದರ ಏರಿಸುವ ಸುದ್ದಿ ಹಬ್ಬಿದ ತಿಂಗಳಲ್ಲಿ ಅಂಗಡಿಗಳು ಮೊದಲೇ ದಾಸ್ತಾನು ಮಾಡಿಕೊಳ್ಳುತ್ತವೆ. ಮುಂದಿನ ತಿಂಗಳು ಮಾರಾಟ ಕುಸಿದಂತೆ ಕಾಣುತ್ತದೆ. ಆ ಎರಡು ತಿಂಗಳನ್ನು ಒಟ್ಟಿಗೇ ನೋಡದಿದ್ದರೆ ಮನೆಯವರು ದರಕ್ಕೆ ಬಹಳ ಬೆದರುತ್ತಾರೆ ಎಂಬ ತಪ್ಪು ತೀರ್ಮಾನ ಹುಟ್ಟುತ್ತದೆ. ಮದುವೆಯ ಕಾಲದಲ್ಲಿ ಕಲ್ಯಾಣ ಮಂಟಪಗಳ ಖರೀದಿ ತಾನಾಗಿಯೇ ಏರುತ್ತದೆ; ಅದನ್ನು ಹಿಂದಿನ ವರ್ಷದ ಅದೇ ತಿಂಗಳೊಂದಿಗೆ ಹೋಲಿಸಬೇಕೇ ಹೊರತು ಹಿಂದಿನ ತಿಂಗಳೊಂದಿಗಲ್ಲ. ಹೋಟೆಲಿನವರು ದರ ಏರಿದ ಮರುದಿನವೇ ಬಿಟ್ಟುಹೋಗುವುದಿಲ್ಲ, ಬೇರೆ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ ನೋಡಿ, ಗಿರಾಕಿಗಳು ಗೊಣಗದಿದ್ದರೆ ಆಮೇಲೆ ಬದಲಿಸುತ್ತಾರೆ. ಮೊದಲ ತಿಂಗಳ ಅಂಕಿಯನ್ನು ನಂಬಿದವರಿಗೆ ಮೂರನೆಯ ತಿಂಗಳು ಆಘಾತ ಕಾದಿರುತ್ತದೆ. ಸಾಧ್ಯವಾದಷ್ಟೂ ಒಂದು ಬಾರಿಗೆ ಒಂದೇ ಮಾರುಕಟ್ಟೆಯ ದರವನ್ನು, ಅದೂ ಹತ್ತಿಪ್ಪತ್ತು ರೂಪಾಯಿಗಳಷ್ಟೇ ಬದಲಿಸಿ ನೋಡುವುದು ಸುರಕ್ಷಿತ.

ಎರಡು ಕಡೆಯ ಬೆಲೆಗಳನ್ನು ಹೋಲಿಸುವ ಮೊದಲು ಅವನ್ನು ಕಾರ್ಖಾನೆಯ ಬಾಗಿಲಿಗೆ ತಂದು ನಿಲ್ಲಿಸಬೇಕು. ಹೋಟೆಲಿಗೆ ಅರುವತ್ತು ದಿನಗಳ ಸಾಲ ಕೊಟ್ಟಿದ್ದರೆ, ಬಡ್ಡಿ ವರ್ಷಕ್ಕೆ ಶೇ. 12 ಎಂದಾದಲ್ಲಿ, 600 ರೂಪಾಯಿಯಲ್ಲಿ ಹನ್ನೆರಡು ರೂಪಾಯಿ ಬಡ್ಡಿಗೇ ಹೋಗುತ್ತದೆ; ಕೈಗೆ ಬಂದದ್ದು 588. ಇತ್ತ ಪೊಟ್ಟಣದ ಮೇಲೆ ಅಂಗಡಿಯವರ ಕಮಿಷನ್ ಇದೆ, ಮುದ್ರಿಸಿದ ಪೌಚಿನ ಖರ್ಚೂ ಇದೆ. ಪೌಚಿನಿಂದಾಗಿ ಮನೆ ಬಳಕೆಯ ಸೀಮಾಂತ ವೆಚ್ಚ 520 ಆದರೆ ಅಲ್ಲಿನ ಸರಿಯಾದ ಬೆಲೆ 760 ಆಗುತ್ತದೆ, 770 ಅಲ್ಲ. ವೆಚ್ಚ ಇಪ್ಪತ್ತು ಏರಿದಾಗ ಬೆಲೆ ಹತ್ತೇ ಏರಿದ್ದು ಏಕೆಂಬುದು ಮುಂದೆ ತಿಳಿಯುತ್ತದೆ.

ಹೋಟೆಲ್ ಚೀಲ ಕಿರಾಣಿ ಅಂಗಡಿಗೆ ಬಂದಾಗ

ಎರಡು ಬೆಲೆಗಳ ವ್ಯವಸ್ಥೆ ಸಾಮಾನ್ಯವಾಗಿ ಮುರಿದುಬೀಳುವುದು ಸೋರಿಕೆಯಿಂದ. 600ಕ್ಕೆ ಕೊಂಡ ಚೀಲವನ್ನು ಬಿಚ್ಚಿ, ಕಾಲು ಕಿಲೋ ಪೊಟ್ಟಣ ಕಟ್ಟಿ, ಬಿಡಿ ಪುಡಿಯೆಂದು 720ಕ್ಕೆ ಮಾರಿದರೆ ಮಾರಿದವರಿಗೆ ಲಾಭವೇ. ಕೆಲವೇ ತಿಂಗಳುಗಳಲ್ಲಿ ಹೋಟೆಲ್ ಮಾರಾಟ ಏರಿದಂತೆಯೂ ಮನೆ ಬಳಕೆ ಅದೇ ಪ್ರಮಾಣದಲ್ಲಿ ಇಳಿದಂತೆಯೂ ಪುಸ್ತಕದಲ್ಲಿ ಕಾಣುತ್ತದೆ. ಮಾಲೀಕರು ಇದನ್ನು ಹೋಟೆಲ್ ವ್ಯಾಪಾರದ ಯಶಸ್ಸೆಂದು ತಿಳಿದು ಸಂತೋಷಪಡುವ ಸಂಭವವೇ ಹೆಚ್ಚು.

ಕಂಡುಹಿಡಿಯುವ ದಾರಿ ಸುಲಭವಾಗಿದೆ. ಒಂದು ಲೋಟ ಕಾಫಿಗೆ ಸುಮಾರು ಹತ್ತು ಗ್ರಾಂ ಪುಡಿ ಎಂದು ಹಿಡಿದರೆ ಕಿಲೋಗೆ ನೂರು ಲೋಟ. ದಿನಕ್ಕೆ ಮುನ್ನೂರು ಲೋಟ ಮಾರುವ ಹೋಟೆಲಿಗೆ ತಿಂಗಳಿಗೆ ತೊಂಬತ್ತು ಕಿಲೋ ಸಾಕು. ಅದು ಇನ್ನೂರೈವತ್ತು ಕಿಲೋ ಎತ್ತುತ್ತಿದ್ದರೆ ಉಳಿದದ್ದು ಎಲ್ಲಿಗೋ ಹೋಗುತ್ತಿದೆ. ಬೆಳಗಿನ ಹೊತ್ತು ಅರ್ಧ ಗಂಟೆ ಕೌಂಟರಿನ ಬಳಿ ನಿಂತು ಬಂದ ಮಾರಾಟ ಪ್ರತಿನಿಧಿಗೆ ಇದು ಕಾಗದ ಪತ್ರ ನೋಡದೆಯೇ ತಿಳಿಯುತ್ತದೆ.

ತಡೆಯುವುದಕ್ಕೆ ಬೇಲಿ ಬೇಕು. ಹೋಟೆಲುಗಳಿಗೆ ಚಿಕೋರಿಯ ಪ್ರಮಾಣವನ್ನೋ ಪುಡಿಯ ನಯವನ್ನೋ ಬೇರೆ ಮಾಡಿ, ಮನೆಯ ಫಿಲ್ಟರಿಗೆ ಒಗ್ಗದ ಹಾಗೆ ಕೊಡುವವರಿದ್ದಾರೆ. ಪೊಟ್ಟಣ ಸಾಮಗ್ರಿಗಳ ಕುರಿತ 2011ರ ಕಾನೂನು ಮಾಪನ ನಿಯಮಗಳು ಸಂಸ್ಥೆಗಳ ಸ್ವಂತ ಬಳಕೆಗಾಗಿ ಹೋಗುವ ಮಾಲನ್ನು ಚಿಲ್ಲರೆ ಪೊಟ್ಟಣಗಳಿಂದ ಬೇರೆಯಾಗಿ ಕಾಣುತ್ತವೆ. ಹೋಟೆಲ್ ಚೀಲದ ಮೇಲೆ "ಚಿಲ್ಲರೆ ಮಾರಾಟಕ್ಕಲ್ಲ" ಎಂದು ನಮೂದಿಸುವುದರಿಂದ ಬೇಲಿಗೂ ಬಲ ಬರುತ್ತದೆ. ಆದರೆ ಒಂದೇ ಬಗೆಯ ಚಿಲ್ಲರೆ ಪೊಟ್ಟಣಕ್ಕೆ ಎರಡು ಗರಿಷ್ಠ ಮಾರಾಟ ಬೆಲೆ ಮುದ್ರಿಸಿ ಈ ಕೆಲಸ ಸಾಧಿಸಲು ಹೊರಡಬಾರದು. 2018ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಅನುಚಿತ ವ್ಯಾಪಾರ ಕ್ರಮಗಳ ಮೂಲಕ ಹಾಗೆ ಮಾಡುವುದನ್ನು ನಿಷೇಧಿಸಿದೆ. 2002ರ ಸ್ಪರ್ಧಾ ಅಧಿನಿಯಮದ 4ನೆಯ ಪ್ರಕರಣ ತಾರತಮ್ಯದ ಬೆಲೆಯನ್ನು ಪ್ರಸ್ತಾಪಿಸುತ್ತದೆಯಾದರೂ ಅದು ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನ ಹೊಂದಿದ ಉದ್ಯಮಗಳಿಗೆ ಸಂಬಂಧಿಸಿದ್ದು; ತಾಲ್ಲೂಕು ಮಟ್ಟದ ಕಾಫಿ ವರ್ಕ್ಸ್ ಆ ಸಾಲಿಗೆ ಬರುವುದು ಅಪರೂಪ.

ಬೇಲಿ ಎಷ್ಟೇ ಗಟ್ಟಿಯಾಗಿದ್ದರೂ ಬೆಲೆಗಳ ಅಂತರ ಒಂದು ಮಿತಿ ಮೀರಿದರೆ ಅದನ್ನು ಹಾರುವವರು ಹುಟ್ಟಿಕೊಳ್ಳುತ್ತಾರೆ. ಚೀಲ ಬಿಚ್ಚಿ, ಮತ್ತೆ ಕಟ್ಟಿ, ಸಾಗಿಸಿ, ಕಿರಾಣಿಯವರಿಗೆ ಪಾಲು ಕೊಡಲು ಕಿಲೋಗೆ ಎಂಬತ್ತು ರೂಪಾಯಿ ಆಗುತ್ತದೆ ಎಂದುಕೊಂಡರೆ, 150 ರೂಪಾಯಿ ಅಂತರ ಉಳಿಯಲಾರದು. ಆಗ ಅಂತರವನ್ನು 80ಕ್ಕೆ ಮಿತಿಗೊಳಿಸಿಯೇ ಬೆಲೆ ಹುಡುಕಬೇಕು. ಈ ಲೆಕ್ಕದಲ್ಲಿ ಮನೆ ಬಳಕೆಗೆ 703, ಹೋಟೆಲಿಗೆ 623 ರೂ. ಸರಿಹೊಂದುತ್ತವೆ. ತಿಂಗಳ ಉಳಿಕೆ, ಸ್ಥಿರ ವೆಚ್ಚ ಕಳೆಯುವ ಮುನ್ನ, 7,92,330 ರೂ. ಪೂರ್ಣ ಅಂತರವಿದ್ದಾಗಿನ 8,25,000ಕ್ಕಿಂತ ಕಡಿಮೆ ನಿಜ, ಆದರೂ ಒಂದೇ ದರದ 6,75,000ಕ್ಕಿಂತ ಬಹಳ ಮೇಲೆ. ಅರ್ಧದಷ್ಟೇ ಅಂತರ ಇಟ್ಟುಕೊಂಡರೂ ಲಾಭದ ಮುಕ್ಕಾಲು ಪಾಲು ಕೈಸೇರುತ್ತದೆ ಎಂಬುದು ಇಲ್ಲಿ ಸಮಾಧಾನದ ಸಂಗತಿ.

ಬೀಜದ ದರ ಏರಿದಾಗ

2024ರಿಂದ 2025ರ ಆರಂಭದವರೆಗೆ ಕಾಫಿ ಬೀಜದ ಬೆಲೆ ದಾಖಲೆಯ ಮಟ್ಟಕ್ಕೆ ಏರಿದ್ದನ್ನು ಈ ವ್ಯಾಪಾರದಲ್ಲಿರುವವರು ಮರೆತಿರಲಾರರು. ಮೇಲಿನ ಘಟಕದ ಸೀಮಾಂತ ವೆಚ್ಚ 500ರಿಂದ 580ಕ್ಕೆ ಏರಿತೆನ್ನೋಣ. ರೂಢಿಯಲ್ಲಿರುವ ಕ್ರಮವೆಂದರೆ ಶೇಕಡಾ ಲೆಕ್ಕ. ಮನೆ ಬಳಕೆಗೆ ವೆಚ್ಚದ ಮೇಲೆ ಶೇ. 50, ಹೋಟೆಲಿಗೆ ಶೇ. 20 ಇಟ್ಟುಕೊಂಡು ಬಂದಿದ್ದೇವೆ, ಈಗಲೂ ಅಷ್ಟೇ ಇರಲಿ ಎಂದರೆ ಬೆಲೆಗಳು 870 ಮತ್ತು 696 ಆಗುತ್ತವೆ. ಮನೆ ಬಳಕೆ 1,300 ಕಿಲೋಗೆ ಇಳಿದು 3,77,000 ರೂ. ಉಳಿಯುತ್ತದೆ. ಹೋಟೆಲುಗಳ ಖರೀದಿ 80 ಕಿಲೋಗೆ ಕುಸಿಯುತ್ತದೆ. ಉಳಿಯುವುದು ಒಂಬತ್ತು ಸಾವಿರ ಚಿಲ್ಲರೆ.

ಸೀಮಾಂತ ಆದಾಯವನ್ನು ಎರಡೂ ಕಡೆ 580ಕ್ಕೆ ಸಮಗೊಳಿಸಿದರೆ ಬೆಲೆಗಳು 790 ಮತ್ತು 640 ಆಗುತ್ತವೆ, ಮಾರಾಟ 2,100 ಮತ್ತು 1,200 ಕಿಲೋ; ಉಳಿಕೆ 4,41,000 ಮತ್ತು 72,000 ರೂ. ವೆಚ್ಚ ಎಂಬತ್ತು ಏರಿದರೂ ಎರಡೂ ಬೆಲೆಗಳು ನಲವತ್ತೇ ಏರಿವೆ. ಬೆಲೆಯನ್ನು ಒಂದು ರೂಪಾಯಿ ಏರಿಸುವಷ್ಟು ಮಾಲು ಕಡಿತ ಮಾಡಿದಾಗ ಸೀಮಾಂತ ಆದಾಯ ಎರಡು ರೂಪಾಯಿ ಏರುತ್ತದೆ. ಆದ್ದರಿಂದ ಎಂಬತ್ತರ ಹೊರೆಯನ್ನು ಸರಿದೂಗಿಸಲು ನಲವತ್ತು ಸಾಕಾಗುತ್ತದೆ. ಪೌಚಿನ ಇಪ್ಪತ್ತು ರೂಪಾಯಿಗೆ ಹತ್ತೇ ಏರಿದ್ದು ಈ ಕಾರಣದಿಂದಲೇ. ಎರಡು ಬೆಲೆಗಳ ನಡುವಿನ ಅಂತರ ಮೊದಲಿನಂತೆ 150 ರೂಪಾಯಿಯಾಗಿಯೇ ಉಳಿದಿದೆ.

ಇದು ಬೇಡಿಕೆಯ ರೇಖೆಗಳು ಇದ್ದಲ್ಲಿಯೇ ಇದ್ದಾಗಿನ ಮಾತು. ತಮ್ಮ ಒಂದು ಘಟಕದಲ್ಲಿ ಮಾತ್ರ ಉರುವಲಿನ ಖರ್ಚು ಏರಿದರೆ ಹೀಗೇ ಆಗುತ್ತದೆ. ಬೀಜದ ದರ ಏರಿದಾಗ ಅದು ಪಕ್ಕದ ಊರಿನ ಕಾಫಿ ವರ್ಕ್ಸಿಗೂ ಏರುತ್ತದೆ; ಅವರೂ ದರ ಏರಿಸುವುದರಿಂದ ಹೋಟೆಲಿನವರಿಗೆ ಓಡಿಹೋಗಲು ಅಗ್ಗದ ಜಾಗ ಉಳಿಯುವುದಿಲ್ಲ. ಆಗ 690 ರೂಪಾಯಿಗೂ ಹಿಂದೆ 650ಕ್ಕೆ ಕೊಳ್ಳುತ್ತಿದ್ದಷ್ಟೇ ಕೊಳ್ಳಬಹುದು. ನಲವತ್ತಕ್ಕಿಂತ ಹೆಚ್ಚು ಏರಿಸಲು ಎಡೆಯಿದೆ, ಆದರೆ ಎಷ್ಟು ಎಂಬುದು ಹಳೆಯ ಪುಟದಲ್ಲಿ ಬರೆದಿಟ್ಟ 3,500 ಮತ್ತು 1,000 ಎಂಬ ಅಂಕಿಗಳಿಂದ ತಿಳಿಯುವುದಿಲ್ಲ. ಎದುರಾಳಿಗಳು ಏರಿಸಿದ ದಿನಾಂಕವನ್ನೂ ದರವನ್ನೂ ಅದೇ ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡು, ಎರಡೂ ಮಾರುಕಟ್ಟೆಗಳಲ್ಲಿ ಹತ್ತು ರೂಪಾಯಿಗೆ ಎಷ್ಟು ಕಿಲೋ ಎಂಬುದನ್ನು ಮತ್ತೆ ಮೊದಲಿನಿಂದ ಅಳೆಯಬೇಕಾಗುತ್ತದೆ.